ಗೋಡೆ ಮುಂದೋ, ಬೋರ್ಡು ಮುಂದೋ?

ಮೂರು ಆಯಾಮದ ಗೇಮ್ ಆಡುವಾಗಲೋ, ಇನ್ನೂ ಕಟ್ಟದ ಮನೆಯ ಮಾದರಿಯನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ನೋಡುವಾಗಲೋ ಈ ವಿಚಿತ್ರವನ್ನು ನೀವೂ ಕಂಡಿರಬಹುದು. ಹತ್ತಿರದಿಂದ ಚೊಕ್ಕಟವಾಗಿದ್ದ ಅಂಗಡಿಯ ಬೋರ್ಡು ದೂರ ಸರಿದಂತೆ ಹರಿದ ಬಟ್ಟೆಯಂತಾಗುತ್ತದೆ. ಅಕ್ಷರಗಳ ನಡುವೆ ಹಿಂದಿನ ಗೋಡೆಯ ಬಣ್ಣ ಪಟ್ಟೆ ಪಟ್ಟೆಯಾಗಿ ಇಣುಕುತ್ತದೆ. ಕ್ಯಾಮೆರಾ ಒಂದಿಷ್ಟು ಅಲುಗಿದರೆ ಪಟ್ಟೆಗಳೂ ಹರಿದಾಡುತ್ತವೆ, ಬೋರ್ಡು ಮಿಣಮಿಣ ಎನ್ನುತ್ತದೆ. ಕ್ಯಾಮೆರಾ ನಿಂತರೆ ಪಟ್ಟೆಗಳೂ ನಿಂತಲ್ಲೇ ನಿಲ್ಲುತ್ತವೆ.

ಗ್ರಾಫಿಕ್ಸ್ ಕೆಲಸ ಮಾಡುವವರು ಇದನ್ನು ಝಡ್-ಫೈಟಿಂಗ್ ಎನ್ನುತ್ತಾರೆ. ಪರದೆಯ ಮೇಲೆ ಎಡ-ಬಲ ಎಂದರೆ ಎಕ್ಸ್, ಮೇಲೆ-ಕೆಳಗೆ ಎಂದರೆ ವೈ, ಪರದೆಯಿಂದ ಒಳಕ್ಕೆ ಹೋಗುವ ಆಳವೇ ಝಡ್. ಒಂದೇ ಪಿಕ್ಸೆಲ್‌ಗಾಗಿ ಎರಡು ಮೈಗಳು ಆಳದ ಲೆಕ್ಕದಲ್ಲಿ ಕಿತ್ತಾಡುತ್ತಿವೆ ಎಂದರ್ಥ. ಕಂಪ್ಯೂಟರ್ ಹಳೆಯದಾಯಿತು, ಗ್ರಾಫಿಕ್ಸ್ ಕಾರ್ಡ್ ಕೆಟ್ಟಿತು ಎಂದು ಅನುಮಾನಪಡುವವರಿದ್ದಾರೆ. ಆದರೆ ಯಂತ್ರಕ್ಕೆ ಏನೂ ಆಗಿರುವುದಿಲ್ಲ. ಹೆಚ್ಚಿನ ಸಲ ತಪ್ಪಿರುವುದು ಕ್ಯಾಮೆರಾಗೆ ಕೊಟ್ಟ ಒಂದೇ ಒಂದು ಸಂಖ್ಯೆಯಲ್ಲಿ, ಅದೂ ಯಾರೂ ಸುಲಭವಾಗಿ ಅನುಮಾನಿಸದ ಸಂಖ್ಯೆಯಲ್ಲಿ.

ಆಳವನ್ನು ಬರೆದಿಡುವ ಪುಸ್ತಕ

ಗ್ರಾಫಿಕ್ಸ್ ಚಿಪ್‌ಗೆ ಗೋಡೆ, ಬೋರ್ಡು, ಮರ ಎಂಬ ಭೇದವಿಲ್ಲ. ಅದಕ್ಕೆ ಎಲ್ಲವೂ ತ್ರಿಕೋನಗಳು. ತ್ರಿಕೋನಗಳನ್ನು ಜೋಡಿಸಿ ಮಾಡಿದ ಬಲೆಯಂಥ ಮೈಯೇ ಮೆಶ್. ಚಿಪ್ ಒಂದೊಂದೇ ತ್ರಿಕೋನವನ್ನು ತೆಗೆದುಕೊಂಡು ಅದು ಪರದೆಯ ಯಾವ ಯಾವ ಪಿಕ್ಸೆಲ್‌ಗಳನ್ನು ಮುಚ್ಚುತ್ತದೆ ಎಂದು ನೋಡಿ ಬಣ್ಣ ತುಂಬುತ್ತದೆ. ಒಂದರ ಹಿಂದೆ ಇನ್ನೊಂದು ಇದ್ದಾಗ ಮುಂದಿನದು ಮಾತ್ರ ಕಾಣಬೇಕಲ್ಲ? ಅದಕ್ಕೆ ಡೆಪ್ತ್ ಬಫರ್ ಎಂಬ ಏರ್ಪಾಡಿದೆ. ಪ್ರತಿ ಪಿಕ್ಸೆಲ್‌ಗೂ ಒಂದು ಖಾನೆ. ಅಲ್ಲಿ ಈವರೆಗೆ ಬರೆದ ಮೈಗಳಲ್ಲಿ ಕ್ಯಾಮೆರಾಗೆ ಅತಿ ಹತ್ತಿರದ್ದು ಎಷ್ಟು ಆಳದಲ್ಲಿದೆ ಎಂಬ ಸಂಖ್ಯೆ. ಹೊಸ ತ್ರಿಕೋನ ಬಂದಾಗ ಅದರ ಆಳವನ್ನು ಖಾನೆಯಲ್ಲಿರುವುದರೊಂದಿಗೆ ಹೋಲಿಸಬೇಕು. ಹೊಸದು ಹತ್ತಿರವಿದ್ದರೆ ಬಣ್ಣವನ್ನೂ ಸಂಖ್ಯೆಯನ್ನೂ ಬದಲಿಸಬೇಕು, ದೂರವಿದ್ದರೆ ಬಿಟ್ಟುಬಿಡಬೇಕು.

ಈ ಉಪಾಯವನ್ನು ಎಡ್ವಿನ್ ಕ್ಯಾಟ್ಮಲ್ 1974ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದರು. ಅದೇ ವರ್ಷ ಜರ್ಮನಿಯಲ್ಲಿ ವೋಲ್ಫ್‌ಗಾಂಗ್ ಸ್ಟ್ರಾಸರ್ ಕೂಡ ತಮ್ಮ ಪ್ರಬಂಧದಲ್ಲಿ ಇದನ್ನೇ ಹೇಳಿದ್ದರು. ಕ್ಯಾಟ್ಮಲ್ ಮುಂದೆ ಪಿಕ್ಸಾರ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ಪ್ರತಿ ಪಿಕ್ಸೆಲ್‌ಗೂ ಒಂದು ಸಂಖ್ಯೆ ಇಡುವಷ್ಟು ಮೆಮೊರಿ ಆ ಕಾಲಕ್ಕೆ ದುಬಾರಿಯಾಗಿತ್ತು. ಇಂದು 1920 × 1080 ಪರದೆಗೆ ಎಂಟು ಮೆಗಾಬೈಟಿನಷ್ಟು ಜಾಗ ಸಾಕು, ಫೋನಿನಲ್ಲೂ ಅದು ಲೆಕ್ಕಕ್ಕಿಲ್ಲ.

ಆದರೆ ಖಾನೆಯಲ್ಲಿ ಬರೆಯುವ ಸಂಖ್ಯೆಗೆ ಮಿತಿ ಇದೆ. ಸಾಮಾನ್ಯವಾಗಿ ಅದು 24 ಬಿಟ್‌ಗಳದ್ದು. ಅಂದರೆ 1,67,77,216 ಬೇರೆ ಬೇರೆ ಬೆಲೆಗಳು ಮಾತ್ರ ಸಾಧ್ಯ. ನಿಜವಾದ ಆಳ ಎಷ್ಟೇ ನಯವಾಗಿ ಬದಲಾದರೂ ಈ ಒಂದೂ ಮುಕ್ಕಾಲು ಕೋಟಿಗೆ ಹತ್ತಿರದ ಹಂತಗಳಲ್ಲಿ ಯಾವುದಾದರೂ ಒಂದಕ್ಕೆ ಅದನ್ನು ಕೂರಿಸಲೇಬೇಕು. ಎರಡು ಮೈಗಳ ನಡುವಿನ ಸಂದು ಒಂದು ಹಂತಕ್ಕಿಂತ ಕಿರಿದಾಗಿದ್ದರೆ ಎರಡಕ್ಕೂ ಒಂದೇ ಸಂಖ್ಯೆ ಬಂದುಬಿಡಬಹುದು. ಆಗ ಯಾವುದು ಮುಂದಿದೆ ಎಂದು ಚಿಪ್‌ಗೆ ತಿಳಿಯುವುದಿಲ್ಲ.

ಒಂದೂ ಮುಕ್ಕಾಲು ಕೋಟಿ ಕಡಿಮೆಯೇನಲ್ಲವಲ್ಲ ಎನಿಸಬಹುದು. ಒಂದು ಕಿಲೋಮೀಟರನ್ನು ಸಮನಾಗಿ ಅಷ್ಟು ಭಾಗ ಮಾಡಿದರೆ ಒಂದೊಂದು ಭಾಗ ಮಿಲಿಮೀಟರಿನ ಹತ್ತನೇ ಒಂದರಷ್ಟೂ ಇರುವುದಿಲ್ಲ. ಹಾಗಿದ್ದೂ ಬೋರ್ಡು ಏಕೆ ಮಿನುಗುತ್ತದೆ? ಭಾಗ ಮಾಡುವುದು ಸಮನಾಗಿಲ್ಲ, ಅದಕ್ಕೆ.

ಹತ್ತಿರಕ್ಕೆ ದಟ್ಟ, ದೂರಕ್ಕೆ ವಿರಳ

ಕ್ಯಾಮೆರಾಗೆ ಎರಡು ಗಡಿಗಳಿರುತ್ತವೆ. ಮುಂದಿನ ಗಡಿ ನಿಯರ್ ಪ್ಲೇನ್: ಅದಕ್ಕಿಂತ ಹತ್ತಿರ ಇರುವುದೇನೂ ಕಾಣುವುದಿಲ್ಲ. ಹಿಂದಿನ ಗಡಿ ಫಾರ್ ಪ್ಲೇನ್: ಅದರಾಚೆಗಿನದ್ದೂ ಕಾಣುವುದಿಲ್ಲ. ಡೆಪ್ತ್ ಬಫರಿನ ಅಷ್ಟೂ ಸಂಖ್ಯೆಗಳು ಈ ಎರಡು ಗಡಿಗಳ ನಡುವಿನ ಜಾಗಕ್ಕೆ ಹಂಚಿಹೋಗಬೇಕು. ಈ ಹಂಚಿಕೆಯಲ್ಲಿ ನಡೆಯುವುದು ಆಳದ ಲೆಕ್ಕವಲ್ಲ, ಆಳದ ವಿಲೋಮದ ಲೆಕ್ಕ. ಅಂದರೆ ಒಂದನ್ನು ಆಳದಿಂದ ಭಾಗಿಸಿದಾಗ ಬರುವ ಬೆಲೆ.

ಇದಕ್ಕೆ ಕಾರಣ ದೂರದೃಶ್ಯದ ಜ್ಯಾಮಿತಿ. ಒಂದು ಉದ್ದ ಗೋಡೆ ನಿಮ್ಮಿಂದ 10 ಮೀಟರಿನಲ್ಲಿ ಆರಂಭವಾಗಿ ಓರೆಯಾಗಿ ಸಾಗಿ 30 ಮೀಟರಿನಲ್ಲಿ ಮುಗಿಯುತ್ತದೆ ಎಂದುಕೊಳ್ಳಿ. ಪರದೆಯ ಮೇಲೆ ಅದರ ಎರಡು ತುದಿಗಳ ನಟ್ಟನಡುವೆ ಕಾಣುವ ಜಾಗ 20 ಮೀಟರ್ ದೂರದ್ದಲ್ಲ, 15 ಮೀಟರ್ ದೂರದ್ದು. ದೂರದ ಅರ್ಧ ಕುಗ್ಗಿ ಕಾಣುವುದರಿಂದ ಹೀಗಾಗುತ್ತದೆ. ಹತ್ತನೇ ಒಂದು ಮತ್ತು ಮೂವತ್ತನೇ ಒಂದು, ಇವೆರಡರ ಸರಾಸರಿ ತೆಗೆದರೆ ಹದಿನೈದನೇ ಒಂದು ಬರುತ್ತದೆ, ನೋಡಿ. ಪರದೆಯ ಮೇಲೆ ಒಂದೇ ವೇಗದಲ್ಲಿ ಬದಲಾಗುವುದು ದೂರವಲ್ಲ, ದೂರದ ವಿಲೋಮ. ತ್ರಿಕೋನದ ಮೂರು ಮೂಲೆಗಳ ಬೆಲೆ ತಿಳಿದರೆ ನಡುವಿನ ಪಿಕ್ಸೆಲ್‌ಗಳ ಬೆಲೆಯನ್ನು ಸರಳ ಕೂಡುವಿಕೆಯಿಂದಲೇ ಪಡೆಯಬಹುದು ಎಂಬ ಅನುಕೂಲಕ್ಕಾಗಿ ಚಿಪ್‌ಗಳು ಈ ವಿಲೋಮವನ್ನೇ ಬರೆದಿಡುತ್ತವೆ.

ಅನುಕೂಲದ ಜೊತೆಗೆ ಒಂದು ಬೆಲೆಯನ್ನೂ ತೆರಬೇಕು. ದರ್ಜಿಯ ಟೇಪಿನ ಆರಂಭದಲ್ಲಿ ಗೆರೆಗಳು ಒತ್ತೊತ್ತಾಗಿದ್ದು, ಮುಂದೆ ಹೋದಂತೆ ಗೆರೆಯಿಂದ ಗೆರೆಗೆ ಗೇಣು, ಮೊಳ, ಮಾರು ಅಂತರವಾದರೆ ಹೇಗೋ ಹಾಗಿರುತ್ತದೆ ಡೆಪ್ತ್ ಬಫರಿನ ಅಳತೆ. ಫಾರ್ ಪ್ಲೇನ್ ಬಹಳ ದೂರದಲ್ಲಿದ್ದರೆ ಒಟ್ಟು ಸಂಖ್ಯೆಗಳಲ್ಲಿ ಅರ್ಧ ಭಾಗ ನಿಯರ್ ಪ್ಲೇನಿನಿಂದ ಅದರ ಎರಡರಷ್ಟು ದೂರದೊಳಗೇ ಖರ್ಚಾಗಿರುತ್ತದೆ. ಹತ್ತರಷ್ಟು ದೂರ ತಲುಪುವಷ್ಟರಲ್ಲಿ ಶೇ. 90 ಮುಗಿದಿರುತ್ತದೆ. ನೂರರಷ್ಟು ದೂರಕ್ಕೆ ಶೇ. 99 ಖಾಲಿ.

ಇದರ ಪರಿಣಾಮ ನೋಡಿ. ನಿಯರ್ ಪ್ಲೇನನ್ನು ಒಂದು ಸೆಂಟಿಮೀಟರಿನಲ್ಲಿ ಇಟ್ಟರೆ, ಅರ್ಧ ಸಂಖ್ಯೆಗಳು ಕ್ಯಾಮೆರಾದ ಮುಂದಿನ ಒಂದರಿಂದ ಎರಡು ಸೆಂಟಿಮೀಟರ್ ಜಾಗಕ್ಕೆ ಹೋಗುತ್ತವೆ. ಆ ಜಾಗದಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಒಂದು ಮೀಟರ್ ದಾಟುವಷ್ಟರಲ್ಲಿ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಹೋಗಿರುತ್ತದೆ. ಉಳಿದ ಒಂದು ಪಾಲಿನಲ್ಲಿ ಬೀದಿ, ಕಟ್ಟಡ, ಮರ, ಬೆಟ್ಟ ಎಲ್ಲ ಸಂಸಾರ ಮಾಡಬೇಕು.

ಇದನ್ನು ಅಳೆಯಲು ಕೈಲೆಕ್ಕಕ್ಕೆ ಸಿಗುವ ಸೂತ್ರವೊಂದಿದೆ. z ಎಂಬ ದೂರದಲ್ಲಿ ಒಂದು ಹಂತದ ದಪ್ಪ ಸುಮಾರು ಇಷ್ಟು:

```
z² / (near × 2^24)
```

ಎಲ್ಲವನ್ನೂ ಮೀಟರಿನಲ್ಲಿ ಹಾಕಿದರೆ ಉತ್ತರವೂ ಮೀಟರಿನಲ್ಲಿ ಬರುತ್ತದೆ. ಇದರಲ್ಲಿ ಗಮನಿಸಬೇಕಾದದ್ದು ಎರಡು. ದೂರ ಎರಡರಷ್ಟಾದರೆ ಹಂತ ನಾಲ್ಕರಷ್ಟು ದಪ್ಪವಾಗುತ್ತದೆ. ಜೊತೆಗೆ, ಸೂತ್ರದಲ್ಲಿ ಫಾರ್ ಪ್ಲೇನ್ ಇಲ್ಲವೇ ಇಲ್ಲ. ಪೂರ್ತಿ ಸೂತ್ರದಲ್ಲಿ ಅದಕ್ಕೊಂದು ಸ್ಥಾನವಿದೆ ನಿಜ, ಆದರೆ ಅದು ನಿಯರ್ ಪ್ಲೇನಿಗಿಂತ ಸಾವಿರಾರು ಪಟ್ಟು ದೂರವಿರುವಾಗ ಅದರ ಪಾಲು ಲೆಕ್ಕಕ್ಕೆ ಬರುವುದಿಲ್ಲ.

ಒಂದು ಬೀದಿ, ಒಂದು ಬೋರ್ಡು

ಬ್ರೌಸರಿನಲ್ಲಿ ಓಡುವ three.js ಲೈಬ್ರರಿ ಬಳಸಿ 120 ಮೀಟರ್ ಉದ್ದದ ಅಂಗಡಿ ಬೀದಿಯೊಂದನ್ನು ಮಾಡಿದ್ದೀರಿ ಎಂದುಕೊಳ್ಳೋಣ. ಬೀದಿಯ ಕೊನೆಯಲ್ಲಿ ನಮಗೆದುರಾಗಿ ಒಂದು ಕಟ್ಟಡ. ಅದರ ಗೋಡೆಗೆ ಮೂರು ಮೀಟರ್ ಅಗಲದ ಬೋರ್ಡು. ಗೋಡೆ ಒಂದು ಚಪ್ಪಟೆ ಮೆಶ್, ಬೋರ್ಡು ಇನ್ನೊಂದು. ಬೋರ್ಡನ್ನು ಗೋಡೆಯಿಂದ ಎರಡು ಮಿಲಿಮೀಟರ್ ಮುಂದಿಟ್ಟಿದ್ದೀರಿ. ಹತ್ತಿರದ್ದೂ ಕಾಣಲಿ, ದೂರದ್ದೂ ಕಾಣಲಿ ಎಂದು ಕ್ಯಾಮೆರಾವನ್ನು ಧಾರಾಳವಾಗಿ ಹೀಗೆ ಮಾಡಿದ್ದೀರಿ:

```js
const camera = new THREE.PerspectiveCamera(60, w / h, 0.01, 10000);
```

ಕೊನೆಯ ಎರಡು ಸಂಖ್ಯೆಗಳೇ ನಿಯರ್ ಮತ್ತು ಫಾರ್: ಒಂದು ಸೆಂಟಿಮೀಟರ್ ಮತ್ತು ಹತ್ತು ಕಿಲೋಮೀಟರ್.

ಕ್ಯಾಮೆರಾ ಬೋರ್ಡಿನಿಂದ 60 ಮೀಟರ್ ದೂರದಲ್ಲಿದೆ. ಸೂತ್ರಕ್ಕೆ ಹಾಕಿದರೆ 3600 ಅನ್ನು 1,67,772ರಿಂದ ಭಾಗಿಸಬೇಕು, ಬರುವುದು 0.021 ಮೀಟರ್. ಅಂದರೆ ಆ ದೂರದಲ್ಲಿ ಒಂದು ಹಂತವೇ ಎರಡು ಸೆಂಟಿಮೀಟರಿಗಿಂತ ದಪ್ಪ. ನಾವು ಬಿಟ್ಟ ಸಂದು ಎರಡು ಮಿಲಿಮೀಟರ್, ಹಂತದ ಹತ್ತನೇ ಒಂದು ಪಾಲು.

ಈಗ ಪಟ್ಟೆಗಳು ಹುಟ್ಟುವುದು ಹೇಗೆ ಎಂದು ಹತ್ತಿರದಿಂದ ನೋಡೋಣ. ಗೋಡೆ ಕ್ಯಾಮೆರಾಗೆ ಸರಿಯಾಗಿ ಎದುರಾಗಿರದೆ ಹತ್ತು ಡಿಗ್ರಿ ಓರೆಯಾಗಿದೆ ಎನ್ನಿ. ಗೋಡೆಯಗುಂಟ ಒಂದು ಮೀಟರ್ ಸರಿದರೆ ಆಳ ಸುಮಾರು 17 ಸೆಂಟಿಮೀಟರ್ ಬದಲಾಗುತ್ತದೆ. ಹಾಗಾಗಿ ಸುಮಾರು 12 ಸೆಂಟಿಮೀಟರಿಗೊಮ್ಮೆ ಆಳದ ಸಂಖ್ಯೆ ಒಂದು ಹಂತ ಮುಂದಕ್ಕೆ ಜಿಗಿಯುತ್ತದೆ. ಬೋರ್ಡಿನ ಸಂಖ್ಯೆಯೂ ಹೀಗೆಯೇ ಜಿಗಿಯುತ್ತದೆ, ಆದರೆ ಅದು ತುಸು ಮುಂದಿರುವುದರಿಂದ ಜಿಗಿತದ ಜಾಗ ತುಸು ಆಚೀಚೆ. ಗೋಡೆ ಜಿಗಿದು ಬೋರ್ಡು ಇನ್ನೂ ಜಿಗಿಯದ ಒಂದು ಸೆಂಟಿಮೀಟರಿನಷ್ಟು ಸೀಳಿನಲ್ಲಿ ಮಾತ್ರ ಬೋರ್ಡು ಖಂಡಿತವಾಗಿ ಮುಂದೆ ಎನಿಸಿಕೊಳ್ಳುತ್ತದೆ. ಮಿಕ್ಕ ಹನ್ನೊಂದು ಸೆಂಟಿಮೀಟರಿನಲ್ಲಿ ಎರಡೂ ಸಮ. ಸಮವಾದಾಗ ಗೆಲುವು ಯಾರದು? three.js ತಾನಾಗಿ ಬಳಸುವ ನಿಯಮದಲ್ಲಿ ಕೊನೆಗೆ ಬರೆದವರದು. ಗೋಡೆಯನ್ನು ಕೊನೆಗೆ ಬರೆದಿದ್ದರೆ ಬೋರ್ಡು ಕಾಣೆಯಾಗಿ, ಮೂರು ಮೀಟರ್ ಅಗಲದಲ್ಲಿ ಸುಮಾರು 25 ಸಣ್ಣ ಸೀಳುಗಳಷ್ಟೇ ಉಳಿಯುತ್ತವೆ.

ಕ್ಯಾಮೆರಾ ಒಂದೆರಡು ಸೆಂಟಿಮೀಟರ್ ಮುಂದೆ ಬಂದರೆ ಜಿಗಿತದ ಜಾಗಗಳೆಲ್ಲ ಸರಿಯುತ್ತವೆ, ಸೀಳುಗಳೂ ಓಡುತ್ತವೆ. ಇದರ ಮೇಲೆ ಇನ್ನೊಂದು ಗೊಂದಲವೂ ಸೇರುತ್ತದೆ. ಗೋಡೆಯ ತ್ರಿಕೋನಗಳ ಮೂಲೆಗಳು ಬೇರೆ, ಬೋರ್ಡಿನ ಮೂಲೆಗಳು ಬೇರೆ. ಪ್ರತಿ ಪಿಕ್ಸೆಲ್ಲಿನ ಆಳವನ್ನು ಆ ಮೂಲೆಗಳಿಂದ ಲೆಕ್ಕ ಹಾಕುವಾಗ ಕೊನೆಯ ಅಂಕೆ ಅಲ್ಲಲ್ಲಿ ಹೆಚ್ಚುಕಮ್ಮಿಯಾಗುತ್ತದೆ. ಆದ್ದರಿಂದ ಸಮವಾಗಬೇಕಿದ್ದ ಕಡೆ ಒಮ್ಮೆ ಗೋಡೆ, ಒಮ್ಮೆ ಬೋರ್ಡು ಗೆಲ್ಲುತ್ತದೆ. ನಮ್ಮ ಕಣ್ಣಿಗೆ ಅದೇ ಮಿನುಗಾಟ.

ಮೊದಲ ಕೈ ಫಾರ್‌ಗೆ ಹೋಗುತ್ತದೆ

ದೂರದಲ್ಲಿ ತೊಂದರೆ ಕಂಡಾಗ ದೂರದ ಗಡಿಯನ್ನು ಹತ್ತಿರ ತರೋಣ ಎನಿಸುವುದು ಸಹಜ. ಹತ್ತು ಕಿಲೋಮೀಟರ್ ಯಾಕೆ, 200 ಮೀಟರ್ ಸಾಕು ಎಂದು `far` ಬೆಲೆಯನ್ನು ಐವತ್ತನೇ ಒಂದು ಭಾಗಕ್ಕೆ ಇಳಿಸುತ್ತೀರಿ. ಹಂತದ ದಪ್ಪ ಎಷ್ಟು ಕಡಿಮೆಯಾಯಿತು? ಶೇಕಡಾ 0.005ರಷ್ಟು. ಎರಡು ಸೆಂಟಿಮೀಟರ್ ಎರಡು ಸೆಂಟಿಮೀಟರಾಗಿಯೇ ಉಳಿಯಿತು, ಬೋರ್ಡು ಹಿಂದಿನಂತೆಯೇ ಮಿನುಗುತ್ತದೆ. 200 ಮೀಟರಿನಾಚೆಗಿನ ಬೆಟ್ಟ ಮಾತ್ರ ಮಾಯವಾಯಿತು.

ಈಗ `far` ಮುಟ್ಟದೆ `near` ಬೆಲೆಯನ್ನು 0.01ರಿಂದ 0.2ಕ್ಕೆ, ಅಂದರೆ 20 ಸೆಂಟಿಮೀಟರಿಗೆ ಏರಿಸಿ ನೋಡಿ. ಹಂತ ಇಪ್ಪತ್ತನೇ ಒಂದು ಭಾಗಕ್ಕೆ ಇಳಿದು ಸುಮಾರು 1.1 ಮಿಲಿಮೀಟರ್ ಆಗುತ್ತದೆ. ಕ್ಯಾಮೆರಾದ ಮೂಗಿನ ಮುಂದಿನ 19 ಸೆಂಟಿಮೀಟರ್ ಖಾಲಿ ಜಾಗವನ್ನು ಬಿಟ್ಟುಕೊಟ್ಟದ್ದಕ್ಕೆ ಇಷ್ಟು ಲಾಭ.

```js
camera.near = 0.2;
camera.updateProjectionMatrix();
```

ಎರಡನೇ ಸಾಲನ್ನು ಮರೆಯುವಂತಿಲ್ಲ. ಕ್ಯಾಮೆರಾ ಸಿದ್ಧವಾದ ಮೇಲೆ ಬೆಲೆಯನ್ನಷ್ಟೇ ಬದಲಿಸಿದರೆ ಚಿತ್ರದಲ್ಲಿ ಏನೂ ಬದಲಾಗುವುದಿಲ್ಲ. ಗಣಿತದ ಕೋಷ್ಟಕವನ್ನು ಹೊಸದಾಗಿ ಕಟ್ಟು ಎಂದು ಹೇಳಬೇಕು. ಈ ಸಾಲು ಬಿಟ್ಟುಹೋದದ್ದರಿಂದ "ನಿಯರ್ ಬದಲಿಸಿ ನೋಡಿದೆ, ಪ್ರಯೋಜನವಿಲ್ಲ" ಎಂಬ ತೀರ್ಮಾನಕ್ಕೆ ಬರುವವರು ಕಡಿಮೆಯಿಲ್ಲ.

1.1 ಮಿಲಿಮೀಟರಿನ ಹಂತಕ್ಕೆ ಎರಡು ಮಿಲಿಮೀಟರಿನ ಸಂದು ಸಾಕೇ? 60 ಮೀಟರಿಗೆ ಹೇಗೋ ಸಾಕು. ಬೀದಿಯ ಈ ತುದಿಗೆ, 120 ಮೀಟರಿಗೆ ಹೋದರೆ ಹಂತ ನಾಲ್ಕರಷ್ಟಾಗಿ 4.3 ಮಿಲಿಮೀಟರ್ ಆಗುತ್ತದೆ, ಮಿನುಗಾಟ ಮರಳುತ್ತದೆ. ನಿಯರ್ ಪ್ಲೇನನ್ನು ಇನ್ನಷ್ಟು ಮುಂದೂಡಬಹುದು, ಆದರೆ ಅದಕ್ಕೊಂದು ಮಿತಿ ಇದೆ. ಅದನ್ನು ಮುಂದೆ ನೋಡೋಣ. ಇಲ್ಲಿ ಸುಲಭದ ದಾರಿ ಬೋರ್ಡನ್ನು ಗೋಡೆಯಿಂದ ಒಂದು ಸೆಂಟಿಮೀಟರ್ ಮುಂದಕ್ಕೆ ಎಳೆಯುವುದು. ನಿಜವಾದ ಬೋರ್ಡುಗಳಿಗೂ ಅಷ್ಟು ದಪ್ಪ ಇದ್ದೇ ಇರುತ್ತದೆ, ನೋಡುವವರ ಕಣ್ಣಿಗೆ ಅದು ತೋರುವುದೂ ಇಲ್ಲ. ಆಗ ಬೀದಿಯ ತುದಿಯಿಂದ ನೋಡಿದರೂ ಸಂದು ಎರಡು ಹಂತಕ್ಕಿಂತ ಹೆಚ್ಚು. ಸೂತ್ರವನ್ನು ತಿರುಗಿಸಿ ಹಾಕಿದರೆ ಈ ಏರ್ಪಾಡು ಸುಮಾರು 180 ಮೀಟರ್ ದೂರದವರೆಗೆ ತಡೆಯುತ್ತದೆ. ಬೀದಿಯೇ 120 ಮೀಟರ್. ಲೆಕ್ಕದ ಸಣ್ಣ ತಪ್ಪುಗಳೂ ಸೇರುವುದರಿಂದ ಸಂದು ಕನಿಷ್ಠ ಎರಡು ಹಂತವಾದರೂ ಇರಲಿ ಎಂದು ಇಟ್ಟುಕೊಳ್ಳುವುದು ಕ್ಷೇಮ.

ನಿಯರ್ ಪ್ಲೇನ್ ಎಷ್ಟು ಮುಂದೆ ಹೋಗಬಹುದು?

ಮುಂದಿನ ಗಡಿಯನ್ನು ದೂರ ತಳ್ಳಿದಷ್ಟೂ ಒಳ್ಳೆಯದೆಂದು ಒಂದು ಮೀಟರಿನಲ್ಲಿ ಇಟ್ಟರೆ ಬೇರೆ ಎಡವಟ್ಟಾಗುತ್ತದೆ. ನಡೆಯುತ್ತ ಗೋಡೆಯ ಹತ್ತಿರ ಹೋದಾಗ ಗೋಡೆಯೇ ಕತ್ತರಿಸಿಹೋಗಿ ಕಟ್ಟಡದ ಒಳಗೆಲ್ಲ ಕಾಣುತ್ತದೆ. ಗೇಮ್‌ಗಳಲ್ಲಿ ಆಟಗಾರ ಗೋಡೆಗೆ ಒಂದು ನಿರ್ದಿಷ್ಟ ದೂರಕ್ಕಿಂತ ಹತ್ತಿರ ಹೋಗದಂತೆ ತಡೆ ಇರುತ್ತದೆ. ಆ ತಡೆ 30 ಸೆಂಟಿಮೀಟರ್ ಎನ್ನಿ. ಹಾಗಾದರೆ ನಿಯರ್ ಪ್ಲೇನ್ ಕೂಡ 30 ಸೆಂಟಿಮೀಟರ್ ಇಡಬಹುದೇ?

ಇಡುವಂತಿಲ್ಲ. ನಿಯರ್ ಪ್ಲೇನ್ ಎಂಬುದು ಕ್ಯಾಮೆರಾದ ಮುಂದೆ ಹಿಡಿದ ಚಪ್ಪಟೆ ಆಯತ. ಅದರ ನಡುವಿನ ಬಿಂದು 30 ಸೆಂಟಿಮೀಟರ್ ದೂರದಲ್ಲಿದ್ದರೆ ನಾಲ್ಕು ಮೂಲೆಗಳು ಇನ್ನೂ ದೂರದಲ್ಲಿರುತ್ತವೆ. ಮೇಲೆ-ಕೆಳಗಿನ ನೋಟದ ಕೋನ 60 ಡಿಗ್ರಿ, ಪರದೆಯ ಅಳತೆ 16:9 ಇದ್ದಾಗ ಮೂಲೆಯ ದೂರ ನಡುವಿನ ದೂರದ 1.55 ಪಟ್ಟು. ಹೀಗಾಗಿ ಗೋಡೆಗೆ ಓರೆಯಾಗಿ ನಿಂತಾಗ ಆಯತದ ಮೂಲೆ ಗೋಡೆಯನ್ನು ಇರಿದು ಆಚೆ ಹೋಗುತ್ತದೆ, ಪರದೆಯ ಅಂಚಿನಲ್ಲಿ ಗೋಡೆಗೆ ತೂತು ಬಿದ್ದಂತೆ ಕಾಣುತ್ತದೆ. 30 ಸೆಂಟಿಮೀಟರನ್ನು 1.55ರಿಂದ ಭಾಗಿಸಿದರೆ 19 ಸೆಂಟಿಮೀಟರ್ ಚಿಲ್ಲರೆ. ಗರಿಷ್ಠ ಮಿತಿ ಅಷ್ಟೇ. ನಮ್ಮ ಬೀದಿಗೆ 0.2 ಇಡಬೇಕಾದರೆ ತಡೆಯನ್ನು 31 ಸೆಂಟಿಮೀಟರ್ ಮಾಡಿಕೊಳ್ಳಬೇಕು. ನಿಯರ್ ಬೆಲೆಯನ್ನು ಊಹಿಸಿ ಹಾಕುವ ಬದಲು ಹೀಗೆ ಲೆಕ್ಕದಿಂದ ಪಡೆಯಬಹುದು.

ದೃಶ್ಯವನ್ನು ಹಿಗ್ಗಿಸಿ ಕುಗ್ಗಿಸಿ ನೋಡುವ ಕಡೆ, ಉದಾಹರಣೆಗೆ ಇಡೀ ಊರನ್ನು ಮೇಲಿನಿಂದ ತೋರಿಸಿ ಮತ್ತೆ ಒಂದು ಬಾಗಿಲಿನವರೆಗೆ ಇಳಿಯುವ ನಕ್ಷೆಯಲ್ಲಿ, ಒಂದೇ ಬೆಲೆ ಎರಡಕ್ಕೂ ಹೊಂದುವುದಿಲ್ಲ. ಒಂದು ಕಿಲೋಮೀಟರ್ ಎತ್ತರದಿಂದ ನೋಡುವಾಗ ನಿಯರ್ ಒಂದು ಸೆಂಟಿಮೀಟರಿದ್ದರೆ ನೆಲದ ಮಟ್ಟದಲ್ಲಿ ಒಂದು ಹಂತ ಸುಮಾರು ಆರು ಮೀಟರ್! ರಸ್ತೆ, ಚಾವಣಿ, ಕೆರೆ ಎಲ್ಲ ಒಂದರೊಳಗೊಂದು ಹೊಕ್ಕು ಕುದಿಯುತ್ತವೆ. ಅಷ್ಟು ಎತ್ತರದಲ್ಲಿ ಕ್ಯಾಮೆರಾದ ಮುಂದೆ ಹತ್ತು ಮೀಟರಿನೊಳಗೆ ಏನೂ ಇರುವುದಿಲ್ಲವಲ್ಲ. ನಿಯರ್ ಹತ್ತು ಮೀಟರ್ ಮಾಡಿದರೆ ಅದೇ ಹಂತ ಆರು ಮಿಲಿಮೀಟರಿಗೆ ಇಳಿಯುತ್ತದೆ. ಹಾಗಾಗಿ ಕ್ಯಾಮೆರಾ ಮತ್ತು ನೋಡುವ ವಸ್ತುವಿನ ನಡುವಿನ ದೂರದ ನೂರನೇ ಒಂದು ಭಾಗವನ್ನು ನಿಯರ್ ಆಗಿ, ಚಲಿಸಿದಾಗೆಲ್ಲ ಹೊಸದಾಗಿ ಹಾಕುವ ಪದ್ಧತಿ ಇಂಥ ಕಡೆ ಚೆನ್ನಾಗಿ ನಡೆಯುತ್ತದೆ.

ಗಡಿಗಳು ಸರಿಪಡಿಸಲಾಗದ ಜಗಳ

ಇಷ್ಟೆಲ್ಲ ಲೆಕ್ಕ ನಡೆಯುವುದು ಎರಡು ಮೈಗಳ ನಡುವೆ ಕೂದಲೆಳೆಯಷ್ಟಾದರೂ ಸಂದು ಇದ್ದಾಗ. ಬೋರ್ಡು ಗೋಡೆಯ ಮಟ್ಟದಲ್ಲೇ ಇದ್ದರೆ, ಸಂದು ಸೊನ್ನೆಯಾದರೆ, ಹಂತವನ್ನು ಎಷ್ಟು ಸಣ್ಣದು ಮಾಡಿದರೂ ಫಲವಿಲ್ಲ. ಇವೆರಡನ್ನು ಬೇರೆ ಮಾಡಿ ಗುರುತಿಸುವುದು ಸುಲಭ. ಕ್ಯಾಮೆರಾವನ್ನು ಬೋರ್ಡಿನ ಹತ್ತಿರಕ್ಕೆ ಒಯ್ಯಿರಿ. ಮಿನುಗಾಟ ನಿಂತರೆ ಅದು ಹಂತದ ದಪ್ಪದಿಂದ ಬಂದದ್ದು. ನಿಯರ್ ಪ್ಲೇನ್ ಮದ್ದಾಗುತ್ತದೆ. ಒಂದು ಮೀಟರಿನಿಂದ ನೋಡಿದರೂ ಪಟ್ಟೆಗಳಿದ್ದರೆ ಎರಡೂ ಒಂದೇ ಮಟ್ಟದಲ್ಲಿವೆ.

ಇದು ಬೇರೆಯೇ ಕಾಯಿಲೆ ಇರಬಹುದೇ ಎಂದು ನೋಡಲು ಒಂದು ಮೆಶ್ ಅನ್ನು ಮರೆಮಾಡಿ ನೋಡಬೇಕು. ಪಟ್ಟೆ ಪೂರ್ತಿ ಮಾಯವಾದರೆ ಇದು ಝಡ್-ಫೈಟಿಂಗೇ. ಒಂಟಿ ಮೈಯ ಮೇಲೂ ಪಟ್ಟೆ ಉಳಿದು, ನೆರಳನ್ನು ಆರಿಸಿದಾಗ ಹೋದರೆ ಅದು ನೆರಳಿನ ಲೆಕ್ಕದ ದೋಷ. ನೆರಳು ಆರಿಸಿದರೂ ಇದ್ದರೆ ಸಣ್ಣ ಸಣ್ಣ ವಿನ್ಯಾಸವಿರುವ ಚಿತ್ರ ದೂರದಲ್ಲಿ ಕಲಸಿಹೋಗುತ್ತಿರಬಹುದು. ಈ ಎರಡಕ್ಕೂ ನಿಯರ್ ಪ್ಲೇನಿಗೂ ಸಂಬಂಧವಿಲ್ಲ.

ಒಂದೇ ಮಟ್ಟದಲ್ಲಿರುವ ಮೈಗಳಿಗೆ ಅತ್ಯುತ್ತಮ ಪರಿಹಾರ ಮಾದರಿಯನ್ನೇ ತಿದ್ದುವುದು: ಬೋರ್ಡಿನ ಹಿಂದಿನ ಗೋಡೆಯ ಭಾಗವನ್ನು ಕತ್ತರಿಸಿ ತೆಗೆಯುವುದು, ಬೋರ್ಡನ್ನು ಮುಂದಕ್ಕೆ ಸರಿಸುವುದು, ಇಲ್ಲವೇ ಬೋರ್ಡಿನ ಚಿತ್ರವನ್ನು ಗೋಡೆಯ ಚಿತ್ರದಲ್ಲೇ ಸೇರಿಸಿಬಿಡುವುದು. ಅದು ಆಗದ ಕಡೆ, ಉದಾಹರಣೆಗೆ ಬೇರೆಯವರು ಕೊಟ್ಟ ಮಾದರಿಯನ್ನು ಮುಟ್ಟುವಂತಿಲ್ಲದಿದ್ದರೆ, ಹೋಲಿಕೆಯ ಹೊತ್ತಿನಲ್ಲಿ ಬೋರ್ಡಿಗೆ ಒಂದು ರಿಯಾಯಿತಿ ಕೊಡಬಹುದು:

```js
board.material.polygonOffset = true;
board.material.polygonOffsetFactor = -1;
board.material.polygonOffsetUnits = -1;
```

ಇದು ಬೋರ್ಡನ್ನು ಜಾಗದಿಂದ ಅಲುಗಿಸುವುದಿಲ್ಲ. ಆಳವನ್ನು ಬಫರಿನೊಂದಿಗೆ ಹೋಲಿಸುವ ಮುನ್ನ ಬೋರ್ಡಿನ ಸಂಖ್ಯೆಯಿಂದ ಒಂದಿಷ್ಟನ್ನು ಕಳೆಯುತ್ತದೆ. ಋಣ ಚಿಹ್ನೆ ಎಂದರೆ ಕ್ಯಾಮೆರಾದ ಕಡೆಗೆ. ಮೊದಲ ಬೆಲೆ ಮೈ ಎಷ್ಟು ಓರೆಯಾಗಿದೆ ಎಂಬುದಕ್ಕೆ ತಕ್ಕಂತೆ ಹೆಚ್ಚುತ್ತದೆ, ಎರಡನೆಯದು ಬಫರಿನ ಸ್ವಂತ ಹಂತದ ಲೆಕ್ಕದಲ್ಲಿ ಇರುತ್ತದೆ. ಆ ರಿಯಾಯಿತಿಯೂ ಅತಿಯಾಗಬಾರದು. ಬಹಳ ಹಂತಗಳನ್ನು ಕೊಟ್ಟರೆ ಬೋರ್ಡಿನ ಮುಂದೆ ನಿಂತ ವಿದ್ಯುತ್ ಕಂಬವನ್ನೂ ದಾಟಿ ಬೋರ್ಡು ಮುಂದೆ ಬಂದು ಕೂರುತ್ತದೆ.

ನನ್ನ ಕಂಪ್ಯೂಟರಿನಲ್ಲಿ ಸರಿಯಿದೆಯಲ್ಲ?

ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಚೊಕ್ಕಟವಾಗಿದ್ದ ದೃಶ್ಯ ಯಾರದೋ ಫೋನಿನಲ್ಲಿ ಮಿನುಗಿದರೆ ಬಿಟ್‌ಗಳನ್ನು ಅನುಮಾನಿಸಬೇಕು. ಬ್ರೌಸರಿನ ಗ್ರಾಫಿಕ್ಸ್‌ಗೆ ಆಧಾರವಾದ ವೆಬ್‌ಜಿಎಲ್ ಡೆಪ್ತ್ ಬಫರ್‌ಗೆ ಕನಿಷ್ಠ 16 ಬಿಟ್‌ಗಳ ಭರವಸೆಯನ್ನಷ್ಟೇ ಕೊಡುತ್ತದೆ. 16 ಬಿಟ್ ಎಂದರೆ 65,536 ಹಂತಗಳು, 24 ಬಿಟ್‌ನ 256ನೇ ಒಂದು ಭಾಗ. ನಿಯರ್ 0.2 ಇದ್ದರೂ 60 ಮೀಟರಿನಲ್ಲಿ ಒಂದು ಹಂತ 27 ಸೆಂಟಿಮೀಟರ್ ದಪ್ಪ. ಒಂದು ಸೆಂಟಿಮೀಟರಿನ ಸಂದು ಅಲ್ಲಿ ಯಾವ ಮೂಲೆಗೆ? ನಿಮ್ಮ ಮುಂದಿರುವ ಸಾಧನದಲ್ಲಿ ಎಷ್ಟು ಬಿಟ್ ಸಿಕ್ಕಿದೆ ಎಂಬುದನ್ನು `gl.getParameter(gl.DEPTH_BITS)` ಎಂದು ಕೇಳಿ ತಿಳಿಯಬಹುದು.

ಹತ್ತಿರದ ಕೈಬೆರಳೂ ದೂರದ ಬೆಟ್ಟವೂ ಒಂದೇ ದೃಶ್ಯದಲ್ಲಿ ಬೇಕೇಬೇಕು ಎನ್ನುವವರಿಗೆ ಹಂಚಿಕೆಯ ವಿಧಾನವನ್ನೇ ಬದಲಿಸುವ ದಾರಿಗಳಿವೆ. ಒಂದು, ಲಾಗರಿದಮ್ ಲೆಕ್ಕದಲ್ಲಿ ಆಳ ಬರೆಯುವುದು. three.js ನಲ್ಲಿ ರೆಂಡರರ್ ಮಾಡುವಾಗ `logarithmicDepthBuffer: true` ಎಂದರೆ ಆಯಿತು. ನಮ್ಮ ಮೊದಲ ಕ್ಯಾಮೆರಾದಲ್ಲೂ 60 ಮೀಟರಿನ ಹಂತ ಮಿಲಿಮೀಟರಿನ ಹತ್ತನೇ ಒಂದಕ್ಕಿಂತ ಕಡಿಮೆಯಾಗುತ್ತದೆ. ಆದರೆ ಪ್ರತಿ ಪಿಕ್ಸೆಲ್ಲಿನ ಆಳವನ್ನು ಬೇರೆಯಾಗಿ ಲೆಕ್ಕ ಹಾಕಿ ಬರೆಯಬೇಕಾಗುವುದರಿಂದ, ಮರೆಯಾಗುವ ಪಿಕ್ಸೆಲ್‌ಗಳನ್ನು ಬಣ್ಣ ಹಚ್ಚುವ ಮೊದಲೇ ಕೈಬಿಡುವ ಉಳಿತಾಯ ಚಿಪ್‌ಗೆ ತಪ್ಪುತ್ತದೆ, ಚಿತ್ರ ನಿಧಾನವಾಗಬಹುದು. ಇನ್ನೊಂದು, ಹತ್ತಿರಕ್ಕೆ 1, ದೂರಕ್ಕೆ 0 ಎಂದು ಅಳತೆಯನ್ನು ತಿರುಗಿಸಿ, ದಶಾಂಶ ಬಿಂದು ಸರಿದಾಡುವ 32 ಬಿಟ್ ಸಂಖ್ಯೆಗಳಲ್ಲಿ ಬರೆಯುವುದು. ಅಂಥ ಸಂಖ್ಯೆಗಳು ಸೊನ್ನೆಯ ಹತ್ತಿರ ಬಹಳ ದಟ್ಟವಾಗಿರುತ್ತವೆ. ದೂರದಲ್ಲಿ ವಿರಳವಾಗುವ ವಿಲೋಮದ ದೋಷವನ್ನು ಈ ದಟ್ಟಣೆ ಬಹುಪಾಲು ಸರಿದೂಗಿಸುತ್ತದೆ. ಅನ್‌ರಿಯಲ್ ಎಂಜಿನ್ ಹಿಡಿದಿರುವುದು ಇದೇ ದಾರಿಯನ್ನು, ಅಲ್ಲಿ ಫಾರ್ ಪ್ಲೇನ್ ಅನಂತದಲ್ಲಿರುತ್ತದೆ.

ಫಾರ್ ಪ್ಲೇನನ್ನು ಅನಂತಕ್ಕೆ ಒಯ್ದರೂ ನಷ್ಟವಿಲ್ಲ ಎಂಬ ಈ ಸಂಗತಿಯೇ ತೊಂದರೆ ಎಲ್ಲಿದೆ ಎಂಬುದನ್ನು ಹೇಳಿಬಿಡುತ್ತದೆ. ಆದ್ದರಿಂದ ಬೋರ್ಡು ಮಿನುಗಿದಾಗ ಅನುಸರಿಸಬೇಕಾದ ಕ್ರಮ ಇಷ್ಟು. ಮೊದಲು ಹತ್ತಿರ ಹೋಗಿ ಎರಡು ಮೈಗಳ ನಡುವೆ ಸಂದು ಇದೆಯೇ ನೋಡಿ. ಇಲ್ಲದಿದ್ದರೆ ಮಾದರಿಯನ್ನು ತಿದ್ದಿ. ಇದ್ದರೆ, ಕ್ಯಾಮೆರಾ ವಸ್ತುಗಳಿಗೆ ಎಷ್ಟು ಹತ್ತಿರ ಹೋಗಬಲ್ಲದು ಎಂದು ಅಳೆದು, ಮೂಲೆಯ ಲೆಕ್ಕದಿಂದ ಬರುವ ಮಿತಿಯವರೆಗೆ ನಿಯರ್ ಪ್ಲೇನನ್ನು ಮುಂದೂಡಿ. ಆಮೇಲೆ ಅತಿ ದೂರದ ನೋಟಕ್ಕೆ ಹಂತದ ದಪ್ಪವನ್ನು ಲೆಕ್ಕ ಹಾಕಿ, ಸಂದನ್ನು ಅದರ ಎರಡರಷ್ಟಾದರೂ ಇಡಿ. ಇಷ್ಟು ಮಾಡಿಯೂ ಉಳಿದದ್ದಕ್ಕೆ ಮಾತ್ರ ಉಳಿದ ಉಪಾಯಗಳು. ಫಾರ್ ಪ್ಲೇನನ್ನು ನಿಮಗೆ ಎಷ್ಟು ದೂರ ಕಾಣಬೇಕೋ ಅಷ್ಟಕ್ಕೆ ಇಟ್ಟು ಮರೆತುಬಿಡಿ.